ಪ್ರಶ್ನೆ ದುಬೈಯದು, ಲಗ್ನ ಮಂಗಳೂರಿನದು

ಗಲ್ಫಿನಲ್ಲಿರುವ ನಮ್ಮ ಹುಡುಗರು ಊರಿನ ಜ್ಯೋತಿಷಿಗೆ ಫೋನ್ ಮಾಡುವ ಕಾರಣಗಳಲ್ಲಿ ಕೆಲಸ, ವೀಸಾ, ಸಾಲ ಎಲ್ಲವೂ ಇವೆ. ಆದರೆ ಯಾರಿಗೂ ಹೇಳದೆ, ರೂಮಿನ ಹೊರಗೆ ಮೆಟ್ಟಿಲ ಮೇಲೆ ಕೂತು ಕೇಳುವ ಪ್ರಶ್ನೆ ಒಂದೇ. ‘ನಾನು ಇಷ್ಟಪಟ್ಟ ಹುಡುಗಿ ಒಪ್ಪುತ್ತಾಳೆಯೇ?’ ಇದಕ್ಕೆ ಉತ್ತರವಾಗಿ ಆ ಕ್ಷಣದ ಪ್ರಶ್ನ ಕುಂಡಲಿ ಬರುತ್ತದೆ. ‘ಒಪ್ಪುತ್ತಾಳೆ, ಮುಂದುವರಿ’ ಅಥವಾ ‘ಆಗುವುದಿಲ್ಲ, ಬಿಟ್ಟುಬಿಡು’ ಎಂಬ ಮಾತು ಬರುತ್ತದೆ. ಅದನ್ನು ನಂಬಿ ಒಬ್ಬ ರಜೆ ಹಾಕುತ್ತಾನೆ, ಇನ್ನೊಬ್ಬ ಬಾಯಿಯೇ ಬಿಡದೆ ಸುಮ್ಮನಾಗುತ್ತಾನೆ. ಈ ಕುಂಡಲಿಯನ್ನು ಎಷ್ಟು ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ಶಾಸ್ತ್ರದ ಒಳಗೇ ನಿಂತು ನೋಡೋಣ ಎಂಬುದು ನಮ್ಮ ಉದ್ದೇಶ. ಜ್ಯೋತಿಷ ಸುಳ್ಳೋ ನಿಜವೋ ಎಂಬ ಜಗಳ ನಮಗೆ ಬೇಡ. ಅದರ ನಿಯಮವನ್ನೇ ಒಪ್ಪಿಕೊಂಡು ಹೊರಟರೂ, ಗಲ್ಫಿನಿಂದ ಫೋನಿನಲ್ಲಿ ಕೇಳಿದ ಪ್ರೇಮ ಪ್ರಶ್ನೆ ಎಲ್ಲಿ ಜಾರುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು, ಜಾತಕ ಬಿಟ್ಟು ಪ್ರಶ್ನೆಯನ್ನೇ ಏಕೆ ಕೇಳುತ್ತಾರೆ? ಜಾತಕಕ್ಕೆ ಹುಟ್ಟಿದ ದಿನ, ಗಂಟೆ, ನಿಮಿಷ ಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಇರುವುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1. ನಿಜವಾದ ಗಂಟೆ ಅಮ್ಮನಿಗೆ ‘ದನ ಕಟ್ಟುವ ಹೊತ್ತು’ ಎಂದಷ್ಟೇ ನೆನಪು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಹುಡುಗಿಯ ಜಾತಕ. ಇನ್ನೂ ಅವಳನ್ನೇ ಕೇಳಿಲ್ಲ, ಅವಳ ಮನೆಯಿಂದ ಜಾತಕ ತರಿಸುವುದು ಹೇಗೆ? ಪ್ರಶ್ನೆಗೆ ಇವೆರಡೂ ಬೇಡ. ಕೇಳಿದ ಕ್ಷಣವೇ ಜನ್ಮಸಮಯ, ಪ್ರಶ್ನೆಯೇ ಹುಟ್ಟಿದ ಮಗು. ಆ ಹೊತ್ತಿನಲ್ಲಿ ಪೂರ್ವ ದಿಗಂತದಲ್ಲಿ ಯಾವ ರಾಶಿ ಏಳುತ್ತಿದೆಯೋ ಅದೇ ಲಗ್ನ. ಅಲ್ಲಿಂದ ಹನ್ನೆರಡು ಮನೆ ಎಣಿಸಿ ಫಲ ಹೇಳುತ್ತಾರೆ.

ನಮ್ಮ ಕರಾವಳಿಯಲ್ಲಿ ಇದರ ರೂಪವೇ ಬೇರೆ, ಅದನ್ನು ನಾವೆಲ್ಲ ನೋಡಿದ್ದೇವೆ. ದೈವಸ್ಥಾನದ ಜೀರ್ಣೋದ್ಧಾರಕ್ಕೆ ಮೊದಲು ಅಷ್ಟಮಂಗಲ ಪ್ರಶ್ನೆ ಇಡುತ್ತಾರೆ, ಮನೆಯ ತೊಂದರೆಗೆ ತಾಂಬೂಲ ಪ್ರಶ್ನೆ ಇಡುತ್ತಾರೆ. ಅಲ್ಲಿ ನೆಲದ ಮೇಲೆ ಅಥವಾ ಹಲಗೆಯ ಮೇಲೆ ರಾಶಿಚಕ್ರ ಬರೆದು, ಪೂಜೆ ಮಾಡಿ, ಚಿನ್ನದ ತುಂಡೊಂದನ್ನು ಇಡಿಸುತ್ತಾರೆ. ಅದು ಬಿದ್ದ ಮನೆಯೇ ಆರೂಢ. ಕೇಳಲು ಬಂದವರು ಕೊಟ್ಟ ವೀಳ್ಯದೆಲೆ ಎಷ್ಟು, ಅವು ಬಾಡಿವೆಯೋ ತಾಜಾ ಇವೆಯೋ ಎಂಬುದನ್ನೂ ನೋಡುತ್ತಾರೆ. ಬಂದವನು ಎಲ್ಲಿ ನಿಂತ, ಏನನ್ನು ಮುಟ್ಟಿದ, ಆಗ ಯಾವ ಶಬ್ದ ಕೇಳಿಸಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈ ಪದ್ಧತಿಯ ದೊಡ್ಡ ಆಧಾರ ಗ್ರಂಥ ‘ಪ್ರಶ್ನಮಾರ್ಗ’. 1649ರಲ್ಲಿ ಕೇರಳದಲ್ಲಿ ಒಬ್ಬ ನಂಬೂದಿರಿ ಬರೆದದ್ದು. ಬೆಂಗಳೂರಿನ ಬಿ.ವಿ. ರಾಮನ್ ಅದನ್ನು ಇಂಗ್ಲಿಷಿಗೆ ತಂದರು.

ಇದರಲ್ಲಿ ಒಂದು ವಿಷಯ ಗಮನಿಸಿ. ಆ ಪದ್ಧತಿ ಇಡೀ ನಿಂತಿರುವುದು ಕೇಳುವವನೂ ಹೇಳುವವನೂ ಒಂದೇ ಜಾಗದಲ್ಲಿ, ಎದುರುಬದುರು ಕೂತಿದ್ದಾರೆ ಎಂಬುದರ ಮೇಲೆ. ಫೋನಿನಲ್ಲಿ ಎಲೆ ಕೊಡಲು ಬರುವುದಿಲ್ಲ, ಚಿನ್ನ ಇಡಲು ಬರುವುದಿಲ್ಲ. ನಿಮಿತ್ತ ನೋಡುವುದಂತೂ ಸಾಧ್ಯವೇ ಇಲ್ಲ. ಗಲ್ಫಿನ ರೂಮಿನಲ್ಲಿ ಪಕ್ಕದವನ ಪ್ರೆಷರ್ ಕುಕ್ಕರ್ ಸೀಟಿ ಹಾಕಿದರೆ ಅದು ಶುಭವೋ ಅಶುಭವೋ? ಹೀಗಾಗಿ ಫೋನಿನ ಪ್ರಶ್ನೆಯಲ್ಲಿ ಉಳಿಯುವುದು ಎರಡೇ ದಾರಿ. ಒಂದು, ‘1ರಿಂದ 108ರೊಳಗೆ ಒಂದು ಸಂಖ್ಯೆ ಹೇಳು’ ಎಂದು ಕೇಳಿ ಅದರಿಂದ ಲಗ್ನ ತೆಗೆಯುವುದು. ಕೃಷ್ಣಮೂರ್ತಿ ಪದ್ಧತಿಯವರಾದರೆ ಈ ಸಂಖ್ಯೆ 249ರವರೆಗೆ ಹೋಗುತ್ತದೆ. ಇನ್ನೊಂದು, ಆ ಕ್ಷಣದ ಗಡಿಯಾರ ನೋಡಿ ಲಗ್ನ ಹಿಡಿಯುವುದು. ಮೊಬೈಲ್ ಆ್ಯಪ್‌ಗಳು ಸಾಮಾನ್ಯವಾಗಿ ಮಾಡುವುದೂ, ನಮ್ಮ ಹುಡುಗರಿಗೆ ಹೆಚ್ಚಾಗಿ ಸಿಗುವುದೂ ಈ ಎರಡನೆಯದು. ಅದನ್ನೇ ನೋಡೋಣ.

ಪ್ರೇಮ ಪ್ರಶ್ನೆಯಲ್ಲಿ ಓದುವ ಕ್ರಮ ಹೀಗಿದೆ. ಲಗ್ನ ಮತ್ತು ಲಗ್ನದ ಅಧಿಪತಿ ಎಂದರೆ ಕೇಳಿದವನು. ಏಳನೆಯ ಮನೆ ಮತ್ತು ಅದರ ಅಧಿಪತಿ ಎಂದರೆ ಆ ಹುಡುಗಿ. ಐದನೆಯದು ಪ್ರೀತಿಯ ಮನೆ, ಹನ್ನೊಂದನೆಯದು ಆಸೆ ಕೈಗೂಡುವ ಮನೆ. ಚಂದ್ರನನ್ನೂ ನೋಡುತ್ತಾರೆ. ಆದರೆ ‘ಒಪ್ಪುತ್ತಾಳೆಯೇ’ ಎಂಬುದಕ್ಕೆ ಮುಖ್ಯ ಉತ್ತರ ಬರುವುದು ಲಗ್ನಾಧಿಪತಿ ಮತ್ತು ಸಪ್ತಮಾಧಿಪತಿ ಒಬ್ಬರನ್ನೊಬ್ಬರು ಸೇರಲು ಹೋಗುತ್ತಿದ್ದಾರೆಯೇ, ಇಲ್ಲ ಸೇರಿ ದಾಟಿಹೋಗಿದ್ದಾರೆಯೇ ಎಂಬುದರಿಂದ. ಎರಡು ಗ್ರಹಗಳಲ್ಲಿ ವೇಗವಾಗಿ ಓಡುವುದು ಕಡಿಮೆ ಡಿಗ್ರಿಯಲ್ಲಿದ್ದು, ನಿಧಾನದ ಗ್ರಹ ಅದಕ್ಕಿಂತ ಸ್ವಲ್ಪ ಮುಂದಿನ ಡಿಗ್ರಿಯಲ್ಲಿದ್ದು, ಇಬ್ಬರಿಗೂ ದೃಷ್ಟಿ ಸಂಬಂಧ ಇದ್ದರೆ ಅದು ಇತ್ಥಶಾಲ. ಕೆಲಸ ಆಗುತ್ತದೆ. ವೇಗದ ಗ್ರಹ ಆಗಲೇ ದಾಟಿ ಮುಂದೆ ಹೋಗಿದ್ದರೆ ಅದು ಈಸರಾಫ. ಕೈತಪ್ಪಿತು ಎಂದರ್ಥ.

ಈ ಎರಡು ಪದ ಸಂಸ್ಕೃತದ ಉಡುಪು ತೊಟ್ಟಿದ್ದರೂ ಹುಟ್ಟಿದ್ದು ನಾವು ಈಗ ದುಡಿಯುತ್ತಿರುವ ಭಾಷೆಯಲ್ಲಿ. ಇತ್ಥಶಾಲ ಎಂದರೆ ಅರಬ್ಬಿಯ ‘ಇತ್ತಿಸಾಲ್’, ಅಂದರೆ ಸಂಪರ್ಕ. ಯುಎಇಯಲ್ಲಿರುವವರು ಸಿಮ್ ಕಾರ್ಡಿನ ಮೇಲೆ ಓದಿದ ‘ಎತಿಸಲಾತ್’ ಇದರದೇ ಬಹುವಚನ. ಈಸರಾಫ ಎಂದರೆ ‘ಇನ್ಸಿರಾಫ್’, ಹೊರಟುಹೋಗುವುದು. ಅರಬ್ಬೀ, ಪಾರಸೀ ಜ್ಯೋತಿಷದಿಂದ ಬಂದ ಈ ಶಾಖೆಗೆ ತಾಜಿಕ ಎಂದೇ ಹೆಸರು. ನೀಲಕಂಠ ಎಂಬ ಪಂಡಿತ 1587ರಲ್ಲಿ ‘ತಾಜಿಕ ನೀಲಕಂಠೀ’ ಬರೆದ ಮೇಲೆ ಅದು ನಮ್ಮ ಪಂಚಾಂಗದವರ ಮನೆಮಾತಾಯಿತು. ನಾವು ಊರಿನಿಂದ ತರಿಸಿಕೊಳ್ಳುವ ಉತ್ತರದ ಅರ್ಧ ಬಂಡವಾಳ ಇಲ್ಲಿನದೇ.

ಈಗ ಒಂದು ಉದಾಹರಣೆ ಲೆಕ್ಕ ಹಾಕೋಣ. ಬಿಸು ಹಬ್ಬದ ಮಾರನೆಯ ದಿನ, ಏಪ್ರಿಲ್ 15ರ ಬೆಳಿಗ್ಗೆ, ದುಬೈಯಲ್ಲಿರುವ ಒಬ್ಬ ಹುಡುಗ ಮಂಗಳೂರಿನ ಜ್ಯೋತಿಷಿಗೆ ಫೋನ್ ಮಾಡಿದ ಎಂದಿಟ್ಟುಕೊಳ್ಳಿ. ದುಬೈಯಲ್ಲಿ ಗಂಟೆ 9. ಮಂಗಳೂರಿನಲ್ಲಿ ಅದೇ ಕ್ಷಣಕ್ಕೆ 10:30. ಗಡಿಯಾರ ಎರಡು ಹೇಳಿದರೂ ಕ್ಷಣ ಒಂದೇ, ಆದ್ದರಿಂದ ಗ್ರಹಗಳು ಎರಡೂ ಕಡೆಗೆ ಒಂದೇ ಜಾಗದಲ್ಲಿವೆ. ಸೂರ್ಯ ಆಗ ತಾನೇ ಮೇಷಕ್ಕೆ ಬಂದಿದ್ದಾನೆ. ಉಳಿದ ಗ್ರಹಗಳನ್ನು ನಾವು ಅಭ್ಯಾಸಕ್ಕಾಗಿ ಹೀಗೆ ಇಟ್ಟುಕೊಳ್ಳುತ್ತೇವೆ: ಶುಕ್ರ ಮೀನದಲ್ಲಿ 12 ಡಿಗ್ರಿ, ಬುಧ ಮೀನದಲ್ಲಿ 15, ಕುಜ ವೃಷಭದಲ್ಲಿ 16, ಗುರು ಧನುವಿನಲ್ಲಿ 10.

ಗ್ರಹ ಒಂದೇ ಆದರೂ ಲಗ್ನ ಒಂದಲ್ಲ. ಲಗ್ನ ಎಂದರೆ ನಾವು ನಿಂತ ಊರಿನ ಪೂರ್ವ ದಿಗಂತ. ದುಬೈ ಸುಮಾರು 55 ಡಿಗ್ರಿ ರೇಖಾಂಶದಲ್ಲಿದೆ, ಮಂಗಳೂರು ಸುಮಾರು 75ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಹಾಗಾಗಿ ಮಂಗಳೂರಿನಲ್ಲಿ ಸೂರ್ಯ ಹುಟ್ಟಿ ಒಂದು ಗಂಟೆಗೂ ಹೆಚ್ಚು ಆದ ಮೇಲೆ ದುಬೈಯಲ್ಲಿ ಹುಟ್ಟುತ್ತಾನೆ. ಒಂದು ರಾಶಿ ಏಳಲು ಹಿಡಿಯುವ ಹೊತ್ತು ಸರಾಸರಿ ಎರಡು ಗಂಟೆ. ಅಂದಮೇಲೆ ಇಬ್ಬರ ಲಗ್ನ ಬೇರೆ ರಾಶಿಗೆ ಬೀಳುವ ಸಂಭವ ಅರ್ಧಕ್ಕರ್ಧ ಇದ್ದೇ ಇದೆ. ನಮ್ಮ ಉದಾಹರಣೆಯ ಹೊತ್ತಿಗೆ ಲೆಕ್ಕ ಹಾಕಿದರೆ ದುಬೈಗೆ ವೃಷಭ ಲಗ್ನ ಸುಮಾರು 22 ಡಿಗ್ರಿ ಬರುತ್ತದೆ. ಮಂಗಳೂರಿಗೆ ವೃಷಭ ಮುಗಿದು ಮಿಥುನ ಲಗ್ನ ಸುಮಾರು 5 ಡಿಗ್ರಿ.

ದುಬೈ ಕುಂಡಲಿ ಓದಿ. ವೃಷಭ ಲಗ್ನಕ್ಕೆ ಶುಕ್ರ ಅಧಿಪತಿ, ಅವನೇ ನಮ್ಮ ಹುಡುಗ. ಏಳನೆಯದು ವೃಶ್ಚಿಕ, ಅದರ ಅಧಿಪತಿ ಕುಜ, ಅದು ಹುಡುಗಿ. ಶುಕ್ರ ಮೀನದಲ್ಲಿ ಉಚ್ಚ, ಅದೂ ಹನ್ನೊಂದನೆಯ ಲಾಭಸ್ಥಾನದಲ್ಲಿ. ಕುಜ ಲಗ್ನದಲ್ಲೇ ಬಂದು ಕೂತಿದ್ದಾನೆ, ಅಂದರೆ ಹುಡುಗಿ ತಾನಾಗಿ ಇವನ ಮನೆ ಬಾಗಿಲಿಗೆ ಬಂದ ಹಾಗೆ. ಮೀನದಿಂದ ವೃಷಭ ಮೂರನೆಯದು, ತಾಜಿಕದಲ್ಲಿ ಇದು ಸ್ನೇಹ ದೃಷ್ಟಿ. ವೇಗದ ಶುಕ್ರ 12ರಲ್ಲಿ, ನಿಧಾನದ ಕುಜ 16ರಲ್ಲಿ. ನಾಲ್ಕೇ ಡಿಗ್ರಿ ಅಂತರ, ಇನ್ನೂ ಸೇರಲು ಹೋಗುತ್ತಿದ್ದಾರೆ. ಸ್ಪಷ್ಟ ಇತ್ಥಶಾಲ. ಯಾವ ಜ್ಯೋತಿಷಿಯೂ ಹಿಂದೆಮುಂದೆ ನೋಡದೆ ‘ಒಪ್ಪುತ್ತಾಳೆ’ ಎನ್ನುತ್ತಾರೆ.

ಮಂಗಳೂರು ಕುಂಡಲಿ ಓದಿ. ಮಿಥುನ ಲಗ್ನಕ್ಕೆ ಬುಧ ಅಧಿಪತಿ. ಏಳನೆಯದು ಧನು, ಅಧಿಪತಿ ಗುರು. ಬುಧ ಮೀನದಲ್ಲಿ ನೀಚ, ಅಂದರೆ ಕೇಳಿದವನಿಗೇ ಬಲವಿಲ್ಲ. ಗುರು ತನ್ನ ಸ್ವಂತ ಮನೆಯಲ್ಲಿ ಗಟ್ಟಿಯಾಗಿ ಕೂತಿದ್ದಾನೆ, ಹುಡುಗಿ ತನ್ನ ಮನೆ ಬಿಟ್ಟು ಅಲ್ಲಾಡುವವಳಲ್ಲ. ಧನುವಿನಿಂದ ಮೀನ ನಾಲ್ಕನೆಯದು, ಇದು ಶತ್ರು ದೃಷ್ಟಿ. ವೇಗದ ಬುಧ 15ರಲ್ಲಿ, ನಿಧಾನದ ಗುರು 10ರಲ್ಲಿ. ಬುಧ ಆಗಲೇ ಐದು ಡಿಗ್ರಿ ದಾಟಿಹೋಗಿದ್ದಾನೆ. ಈಸರಾಫ. ‘ಹೊತ್ತು ಮೀರಿತು, ಆಗುವುದಿಲ್ಲ.’

ಹುಡುಗ ಅದೇ, ಹುಡುಗಿ ಅವಳೇ, ಕ್ಷಣವೂ ಅದೇ. ಆಕಾಶದಲ್ಲಿ ಒಂದು ಗ್ರಹವೂ ಕದಲಿಲ್ಲ. ಆದರೂ ಕೇಳಿದವನ ಊರು ಹಿಡಿದರೆ ಒಂದು ಉತ್ತರ, ಹೇಳಿದವನ ಊರು ಹಿಡಿದರೆ ಅದರ ತದ್ವಿರುದ್ಧ.

ಎರಡರಲ್ಲಿ ಸರಿ ಯಾವುದು ಎಂದು ಕೇಳಿದರೆ ಜ್ಯೋತಿಷಿಗಳಲ್ಲೇ ಒಮ್ಮತವಿಲ್ಲ. ಪ್ರಶ್ನೆ ಯಾರ ಮನಸ್ಸಿಗೆ ಅರ್ಥವಾಗಿ ಉತ್ತರಕ್ಕೆ ಸಿದ್ಧವಾಯಿತೋ ಅವರ ಊರು ಹಿಡಿಯಬೇಕು, ಅಂದರೆ ಜ್ಯೋತಿಷಿಯದು ಎನ್ನುವವರಿದ್ದಾರೆ. ಚಿಂತೆ ಹುಟ್ಟಿದ ಊರೇ ಮುಖ್ಯ, ಅಂದರೆ ಕೇಳಿದವನದು ಎನ್ನುವವರೂ ಇದ್ದಾರೆ. ಹಳೆಯ ಗ್ರಂಥಕಾರರಿಗೆ ಈ ಜಗಳ ಬೇಕಾಗಿರಲಿಲ್ಲ, ಅವರ ಕಾಲದಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿರುತ್ತಿದ್ದರು. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದರಂತೂ ಊರಿನ ಜತೆ ಹೊತ್ತೂ ಗೊಂದಲವೇ. ಕಳಿಸಿದ್ದು ರಾತ್ರಿ 11ಕ್ಕೆ, ಅವರು ಕೇಳಿಸಿಕೊಂಡದ್ದು ಮಾರನೆಯ ಬೆಳಿಗ್ಗೆ ಸಂಧ್ಯಾವಂದನೆ ಮುಗಿದ ಮೇಲೆ. ಪ್ರಶ್ನೆ ಹುಟ್ಟಿದ್ದು ಯಾವಾಗ?

ಇದಕ್ಕೆ ಆ್ಯಪ್‌ನ ತಪ್ಪು ಬೇರೆ ಸೇರುತ್ತದೆ. ದುಬೈಯಲ್ಲಿ ಕೂತವನು ಆ್ಯಪ್‌ನಲ್ಲಿ ಊರು ‘ಮಂಗಳೂರು’ ಎಂದು ಹಾಕಿ, ಹೊತ್ತು ಮಾತ್ರ ತನ್ನ ಕೈಗಡಿಯಾರದ್ದು, 9 ಗಂಟೆ ಎಂದು ಹಾಕುತ್ತಾನೆ. ಆ್ಯಪ್ ಅದನ್ನು ಭಾರತದ 9 ಗಂಟೆ ಎಂದು ತಿಳಿದು ಒಂದೂವರೆ ಗಂಟೆ ಹಿಂದಿನ ಕುಂಡಲಿ ಕೊಡುತ್ತದೆ. ಸೌದಿ, ಕುವೈತ್, ಕತಾರ್, ಬಹರೈನ್‌ನವರಾದರೆ ತಪ್ಪು ಎರಡೂವರೆ ಗಂಟೆ, ಅಂದರೆ ಒಂದು ರಾಶಿಗಿಂತ ಹೆಚ್ಚು. ಪಾಶ್ಚಾತ್ಯ ಲೆಕ್ಕದ ಸಾಯನ ಆ್ಯಪ್ ಆದರೆ ಎಲ್ಲ ಗ್ರಹವೂ ನಮ್ಮ ಪಂಚಾಂಗಕ್ಕಿಂತ ಸುಮಾರು 24 ಡಿಗ್ರಿ ಮುಂದೆ ತೋರುತ್ತವೆ. ದೊಡ್ಡ ತಪ್ಪು ಹಿಡಿಯಲು ಒಂದು ಸುಲಭ ಉಪಾಯ ಇದೆ. ಕುಂಡಲಿಯಲ್ಲಿ ಸೂರ್ಯ ಎಲ್ಲಿದ್ದಾನೆ ನೋಡಿ. ಸೂರ್ಯೋದಯದ ಹೊತ್ತಿನಲ್ಲಿ ಅವನು ಲಗ್ನದಲ್ಲಿರಬೇಕು, ಬೆಳಿಗ್ಗೆ ಏರುತ್ತಾ ಹನ್ನೆರಡು, ಹನ್ನೊಂದಕ್ಕೆ ಬರಬೇಕು, ನಡುಮಧ್ಯಾಹ್ನ ಹತ್ತರ ಆಸುಪಾಸು, ಸಂಜೆ ಏಳರಲ್ಲಿ, ನಡುರಾತ್ರಿ ನಾಲ್ಕರ ಬಳಿ. ಬೆಳಗಿನ ಕುಂಡಲಿಯಲ್ಲಿ ಸೂರ್ಯ ನಾಲ್ಕರಲ್ಲಿ ಕಂಡರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ. ಆದರೆ ಈ ಉಪಾಯ ನಮ್ಮ ಉದಾಹರಣೆಗೆ ಸಹಾಯ ಮಾಡುವುದಿಲ್ಲ. ದುಬೈ ಕುಂಡಲಿಯಲ್ಲಿ ಸೂರ್ಯ ಹನ್ನೆರಡರಲ್ಲಿ, ಮಂಗಳೂರಿನದರಲ್ಲಿ ಹನ್ನೊಂದರಲ್ಲಿ. ಎರಡೂ ಲೆಕ್ಕಕ್ಕೆ ಸರಿ.

‘ಅನುಭವಿ ಜ್ಯೋತಿಷಿಯಾದರೆ ಬೇರೆ ಅಂಶ ನೋಡಿ ತೀರ್ಮಾನ ಮಾಡುತ್ತಾರೆ’ ಎಂದು ಹಿರಿಯರೊಬ್ಬರು ನಮಗೆ ಹೇಳಿದ್ದುಂಟು. ಸರಿ, ನೋಡೋಣ. ‘ಒಪ್ಪುತ್ತಾಳೆ’ ಎಂದ ದುಬೈ ಕುಂಡಲಿಯಲ್ಲಿ ಐದನೆಯ ಪ್ರೀತಿಯ ಮನೆ ಕನ್ಯಾ. ಅದರ ಅಧಿಪತಿ ಬುಧ ನೀಚ. ಅದನ್ನೇ ಹಿಡಿದು ‘ಪ್ರೀತಿ ಗಟ್ಟಿಯಿಲ್ಲ’ ಎನ್ನಬಹುದು. ‘ಆಗುವುದಿಲ್ಲ’ ಎಂದ ಮಂಗಳೂರು ಕುಂಡಲಿಯಲ್ಲಿ ಐದನೆಯದು ತುಲಾ. ಅದರ ಅಧಿಪತಿ ಶುಕ್ರ ಉಚ್ಚ, ಜತೆಗೆ ಶುಕ್ರನೇ ಪ್ರೇಮಕ್ಕೆ ಕಾರಕ. ಅದನ್ನೇ ಹಿಡಿದು ‘ತಡವಾದರೂ ಆಗುತ್ತದೆ’ ಎನ್ನಬಹುದು. ಹೌದಿನ ಕುಂಡಲಿಯಲ್ಲಿ ಇಲ್ಲದ ಎಳೆಯೂ, ಇಲ್ಲದ ಕುಂಡಲಿಯಲ್ಲಿ ಹೌದಿನ ಎಳೆಯೂ ಸಿಕ್ಕೇ ಸಿಗುತ್ತವೆ. ಯಾವ ಎಳೆ ಎಳೆಯಬೇಕು ಎಂಬುದನ್ನು ಎದುರಿಗೆ ಕೂತವನ ಮುಖ ನೋಡಿ ಹಿರಿಯ ಜ್ಯೋತಿಷಿ ಅಂದಾಜು ಮಾಡುತ್ತಿದ್ದರು. ಫೋನಿನಲ್ಲಿ ಅವರಿಗೆ ಕೇಳುವುದು ಬರೀ ಆತುರದ ಧ್ವನಿ. ಆತುರದ ಧ್ವನಿಗೆ ಸಿಹಿ ಉತ್ತರ ಕೊಡುವುದು ಮನುಷ್ಯ ಸಹಜ.

ಆಸ್ಪತ್ರೆಯ ಔಷಧ ವಿಭಾಗದಲ್ಲಿ ದಿನವೂ ಕೆಲಸ ಮಾಡುವ ನಮಗೆ ಇಂತಹ ಸ್ಥಿತಿ ಹೊಸದಲ್ಲ. ವೈದ್ಯರು ಬರೆದ ಚೀಟಿಯಲ್ಲಿ ಒಂದು ಔಷಧದ ಹೆಸರು ಎರಡು ರೀತಿ ಓದಲು ಬರುತ್ತದೆ. ಪ್ರಮಾಣದ ಚುಕ್ಕೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ, 1.0 ಎಂದು ಬರೆದದ್ದು 10 ಆಗಿ ಕಾಣುತ್ತದೆ. ಆಗ ನಾವು ಏನು ಮಾಡುತ್ತೇವೆ? ಪಕ್ಕದವರನ್ನು ಕೇಳಿ ಮತ ಹಾಕಿಸುವುದಿಲ್ಲ. ಭೂತಗನ್ನಡಿ ಹಿಡಿದು ಹತ್ತು ಸಲ ನೋಡಿದರೂ ಅಕ್ಷರ ಬದಲಾಗುವುದಿಲ್ಲ. ಫೋನ್ ಎತ್ತಿ, ಚೀಟಿ ಬರೆದ ವೈದ್ಯರನ್ನೇ ಕೇಳುತ್ತೇವೆ. ಉತ್ತರ ಗೊತ್ತಿರುವವರು ಲೋಕದಲ್ಲಿ ಒಬ್ಬರಿದ್ದಾರೆ, ಅವರು ಫೋನಿಗೆ ಸಿಗುತ್ತಾರೆ ಎಂದ ಮೇಲೆ ಊಹೆ ಮಾಡುವುದು ಅಪರಾಧ.

ಪ್ರೇಮ ಪ್ರಶ್ನೆ ಬೇರೆ ಪ್ರಶ್ನೆಗಳಿಗಿಂತ ಬೇರೆಯಾಗುವುದು ಇಲ್ಲಿಯೇ. ಕಳೆದುಹೋದ ದನ ಯಾವ ದಿಕ್ಕಿನಲ್ಲಿದೆ ಎಂದು ಪ್ರಶ್ನೆ ಇಟ್ಟರೆ ಅರ್ಥವಿದೆ, ದನಕ್ಕೆ ಬಾಯಿಲ್ಲ. ದೂರ ಹೋದವನು ಬದುಕಿದ್ದಾನೆಯೇ ಎಂದು ಫೋನಿಲ್ಲದ ಕಾಲದಲ್ಲಿ ಕೇಳುತ್ತಿದ್ದುದಕ್ಕೂ ಅರ್ಥವಿತ್ತು. ಆದರೆ ಏಳನೆಯ ಮನೆಯಲ್ಲಿ ನಾವು ಕೂರಿಸಿದ ಹುಡುಗಿಗೆ ಬಾಯಿಯಿದೆ, ಮನಸ್ಸಿದೆ, ಅವಳ ಹತ್ತಿರವೂ ಫೋನಿದೆ. ಅವಳ ಒಪ್ಪಿಗೆ ಆಕಾಶದಲ್ಲಿ ಮೊದಲೇ ಬರೆದಿಟ್ಟ ಸಂಗತಿಯಲ್ಲ. ಕೇಳಿದಾಗ ಅವಳು ಯೋಚಿಸಿ ಹೇಳುವ ಮಾತು ಅದು. ಎಷ್ಟೋ ಸಲ ಕೇಳುವವರೆಗೆ ಅವಳಿಗೇ ಗೊತ್ತಿರುವುದಿಲ್ಲ.

ಕುಂಡಲಿಯ ಉತ್ತರವನ್ನು ಅವಳ ಉತ್ತರ ಎಂದು ತಿಳಿದುಕೊಂಡರೆ ಏನಾಗುತ್ತದೆ ಎಂಬುದನ್ನು ನಾವು ಸುತ್ತಮುತ್ತ ನೋಡುತ್ತಲೇ ಇದ್ದೇವೆ. ‘ಆಗುವುದಿಲ್ಲ’ ಎಂದು ಬಂದವನು ಸುಮ್ಮನಾಗುತ್ತಾನೆ. ಎರಡು ವರ್ಷ ಕಳೆದು ಅವಳ ಮದುವೆಯ ಫೋಟೊ ನೋಡಿದಾಗ, ಒಂದು ಮಾತು ಕೇಳಬಹುದಿತ್ತು ಎಂಬ ಕೊರಗು ಉಳಿಯುತ್ತದೆ. ಇದಕ್ಕಿಂತ ಅಪಾಯ ‘ಒಪ್ಪುತ್ತಾಳೆ’ ಎಂದು ಬಂದವನದು. ಅವನು ಕೇಳುತ್ತಾನೆ, ಅವಳು ಬೇಡ ಎನ್ನುತ್ತಾಳೆ. ಆದರೆ ಅವನ ತಲೆಯಲ್ಲಿ ಇತ್ಥಶಾಲ ಕೂತಿದೆ. ‘ಈಗ ಬೇಡ ಎಂದಿದ್ದಾಳೆ, ಗ್ರಹ ಸೇರುವ ದಿನ ಬಂದರೆ ಒಪ್ಪುತ್ತಾಳೆ’ ಎಂದು ಮತ್ತೆ ಮೆಸೇಜ್, ಮತ್ತೆ ಫೋನ್, ಗೆಳತಿಯರ ಮೂಲಕ ಒತ್ತಡ. ಅವಳು ‘ಬೇಡ’ ಎಂದದ್ದು ಅವನಿಗೆ ಕೇಳಿಸುವುದೇ ಇಲ್ಲ. ಅವಳೂ ಇಲ್ಲೇ ಕೆಲಸ ಮಾಡುವವಳಾದರೆ, ಒಂದು ಪೊಲೀಸ್ ದೂರು ಸಾಕು, ಅವನ ಕೆಲಸವೂ ವೀಸಾವೂ ಹೋಗಲು. ಅದಕ್ಕಿಂತ ಮೊದಲು ಹೋಗುವುದು ಅವಳ ನೆಮ್ಮದಿ.

‘ಯಾವಾಗ ಆಗುತ್ತದೆ’ ಎಂಬ ಉತ್ತರವಂತೂ ಇನ್ನೂ ಜಾರು. ನಮ್ಮ ಉದಾಹರಣೆಯ ನಾಲ್ಕು ಡಿಗ್ರಿಯನ್ನು ನಾಲ್ಕು ದಿನ ಎನ್ನಬಹುದು, ನಾಲ್ಕು ವಾರ ಎನ್ನಬಹುದು, ನಾಲ್ಕು ತಿಂಗಳು ಎನ್ನಬಹುದು. ಚರ ರಾಶಿಯಾದರೆ ಬೇಗ, ಸ್ಥಿರ ರಾಶಿಯಾದರೆ ನಿಧಾನ, ಎರಡರ ಗುಣವೂ ಇರುವ ದ್ವಿಸ್ವಭಾವವಾದರೆ ನಡುವೆ ಎಂಬ ಸೂತ್ರವಿದೆ. ನಮ್ಮ ಕುಂಡಲಿಯಲ್ಲಿ ಶುಕ್ರ ದ್ವಿಸ್ವಭಾವ ರಾಶಿಯಲ್ಲಿ, ಕುಜ ಸ್ಥಿರ ರಾಶಿಯಲ್ಲಿ. ಈಗ ಯಾವುದನ್ನು ಹಿಡಿಯುವುದು? ವರ್ಷಕ್ಕೆ ಸಿಗುವ ಒಂದು ತಿಂಗಳ ರಜೆಯನ್ನು ಇಂತಹ ಲೆಕ್ಕದ ಮೇಲೆ ಹಾಕುವವರನ್ನು ಕಂಡಾಗ ನಮಗೆ ಬೇಸರವಾಗುತ್ತದೆ.

ಪ್ರತಿಕೂಲ ಉತ್ತರ ಬಂದಾಗ ಪರಿಹಾರದ ಮಾತು ಬರುತ್ತದೆ. ದೇವಸ್ಥಾನದಲ್ಲಿ ಒಂದು ಪೂಜೆ ಮಾಡಿಸಿ ಮನಸ್ಸಿಗೆ ಸಮಾಧಾನ ತಂದುಕೊಂಡರೆ ನಮ್ಮ ಆಕ್ಷೇಪವಿಲ್ಲ. ಆದರೆ ‘ಅವಳ ಮನಸ್ಸು ತಿರುಗಿಸುವ’ ವಶೀಕರಣ, ತಾಯಿತ, ಯಂತ್ರ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಬೇಕು. ಒಪ್ಪಿಗೆಯನ್ನು ತಿಳಿಯುವುದು ಬೇರೆ, ಒಪ್ಪಿಗೆ ಇಲ್ಲದ ಮನಸ್ಸನ್ನು ತಿರುಗಿಸಲು ಹೊರಡುವುದು ಬೇರೆ. ಅದಲ್ಲದೆ ಸೌದಿ, ಯುಎಇಯಂತಹ ಕಡೆ ಮಾಟ ಮಂತ್ರದ ವ್ಯವಹಾರ ಕಾನೂನಿನ ಪ್ರಕಾರ ಅಪರಾಧ. ಊರಿನಿಂದ ಬಂದ ಪಾರ್ಸೆಲಿನಲ್ಲಿ ಅಂತಹ ವಸ್ತು ಸಿಕ್ಕರೆ ಉತ್ತರ ಹೇಳಬೇಕಾದವರು ಊರಿನ ಜ್ಯೋತಿಷಿಯಲ್ಲ, ನಾವು.

ಹಾಗಾದರೆ ಪ್ರಶ್ನೆ ಕೇಳಲೇಬಾರದೇ? ಹಾಗೆ ಹೇಳಲು ನಮಗೆ ಮನಸ್ಸಿಲ್ಲ. ಸಾವಿರಾರು ಮೈಲಿ ದೂರದಲ್ಲಿ, ಹತ್ತು ಗಂಟೆ ದುಡಿದು, ನಾಲ್ಕು ಜನರ ರೂಮಿನಲ್ಲಿ ಮಲಗುವವನಿಗೆ ತನ್ನ ಮನಸ್ಸಿನ ಮಾತನ್ನು ಒಬ್ಬ ಹಿರಿಯರ ಮುಂದೆ ಇಡುವುದೇ ಒಂದು ಹಗುರ. ‘ಒಪ್ಪುತ್ತಾಳೆಯೇ’ ಎಂದು ಬಾಯಿಬಿಟ್ಟು ಕೇಳುವಾಗ, ತಾನು ಅವಳನ್ನು ನಿಜವಾಗಿ ಬಯಸುತ್ತೇನೆ ಎಂಬುದು ಅವನಿಗೇ ಮೊದಲ ಸಲ ಸ್ಪಷ್ಟವಾಗುತ್ತದೆ. ಪ್ರಶ್ನ ಕುಂಡಲಿಯಲ್ಲಿ ಲಗ್ನ ಎಂದರೆ ಕೇಳಿದವನು. ಅಷ್ಟರ ಮಟ್ಟಿಗೆ ಅದು ಕೇಳಿದವನ ಕನ್ನಡಿಯಾದರೆ ಆಗಲಿ.

ಆದರೆ ಕೇಳುವವರು ಶಾಸ್ತ್ರದ ಮರ್ಯಾದೆಯನ್ನಾದರೂ ಉಳಿಸಬೇಕು. ಪ್ರಶ್ನೆ ಒಂದೇ ಸಲ. ಹೌದು ಎನ್ನುವವರೆಗೆ ಮೂರು ಜ್ಯೋತಿಷಿ, ನಾಲ್ಕು ಆ್ಯಪ್ ಸುತ್ತುವುದು ಪ್ರಶ್ನೆಯಲ್ಲ. ಎರಡು ಗಂಟೆಗೊಮ್ಮೆ ಲಗ್ನ ಬದಲಾಗುವಾಗ ದಿನಕ್ಕೆ ಹನ್ನೆರಡು ಕುಂಡಲಿ ಸಿಗುತ್ತವೆ, ಬೇಕಾದ ಉತ್ತರ ಯಾವುದಾದರೂ ಒಂದರಲ್ಲಿ ಇದ್ದೇ ಇರುತ್ತದೆ. ಕೇಳುವವನ ಮನಸ್ಸು ನೇರವೋ ವಕ್ರವೋ ಎಂದು ಮೊದಲು ನೋಡಿ, ವಕ್ರವಾದರೆ ಉತ್ತರ ಹೇಳದಿರುವ ಕ್ರಮ ಪ್ರಶ್ನಶಾಸ್ತ್ರದಲ್ಲೇ ಇದೆ. ಫೋನಿನಲ್ಲಿ ಕೇಳುವುದಾದರೆ ಮೊದಲೇ ‘ಯಾವ ಊರಿನ ಲಗ್ನ ಹಿಡಿಯುತ್ತೀರಿ’ ಎಂದು ಕೇಳಿಕೊಳ್ಳಿ. ಉತ್ತರ ಕೇಳಿದ ಮೇಲೆ ಊರು ಬದಲಿಸಬೇಡಿ. ಮುಖ್ಯವಾಗಿ, ಕುಂಡಲಿ ಏನೇ ಹೇಳಲಿ, ಇಂಥ ದಿನದೊಳಗೆ ಅವಳನ್ನೇ ಕೇಳುತ್ತೇನೆ ಎಂದು ಪ್ರಶ್ನೆ ಇಡುವ ಮೊದಲೇ ನಿರ್ಧರಿಸಿಕೊಳ್ಳಿ. ಆ ನಿರ್ಧಾರ ಇಲ್ಲದವನಿಗೆ ಪ್ರಶ್ನೆ ತಪ್ಪಿಸಿಕೊಳ್ಳುವ ಸಂದಾಗುತ್ತದೆ.

ಅವಳನ್ನು ಕೇಳುವುದಕ್ಕೆ ಮುಹೂರ್ತವೂ ದೊಡ್ಡ ಮಾತೂ ಬೇಡ. ಅವಳ ಡ್ಯೂಟಿ ಹೊತ್ತು ನೋಡಿಕೊಂಡು, ‘ಒಂದು ಮುಖ್ಯ ವಿಷಯ ಮಾತಾಡಬೇಕಿತ್ತು, ಯಾವಾಗ ಪುರುಸೊತ್ತು?’ ಎಂದು ಕೇಳಿ. ಮಾತಿಗೆ ಸಿಕ್ಕಾಗ ನೇರವಾಗಿ ಹೇಳಿ: ನಿಮ್ಮನ್ನು ಮದುವೆಯಾಗುವ ಆಸೆಯಿದೆ, ನನ್ನ ಸಂಬಳ ಇಷ್ಟು, ಸಾಲ ಇಷ್ಟು, ಊರಿಗೆ ಮರಳುವುದು ಯಾವಾಗ ಎಂದು ಗೊತ್ತಿಲ್ಲ, ನಿಮಗೆ ಇಷ್ಟವಿದ್ದರೆ ಮನೆಯವರ ಮೂಲಕ ಬರುತ್ತೇನೆ, ಯೋಚಿಸಿ ಹೇಳಿ, ಬೇಡ ಎಂದರೂ ನನಗೆ ಬೇಸರವಿಲ್ಲ. ಕೊನೆಯ ಮಾತು ಹೇಳಿದ ಮೇಲೆ ಅದಕ್ಕೆ ಬದ್ಧರಾಗಿರಿ. ಸಂಬಳ, ಸಾಲ, ಮನೆ, ವರ್ಷಕ್ಕೆ ಹನ್ನೊಂದು ತಿಂಗಳ ಅಗಲಿಕೆ, ಗಲ್ಫಿನವನನ್ನು ಮದುವೆಯಾಗುವ ಹುಡುಗಿ ತೂಗಿ ನೋಡುವುದು ಇವನ್ನೇ. ಇದರಲ್ಲಿ ಒಂದೂ ಇತ್ಥಶಾಲದಲ್ಲಿ ಕಾಣುವುದಿಲ್ಲ.

ಇತ್ತಿಸಾಲ್ ಎಂದರೆ ಸಂಪರ್ಕ ಎಂದೆವು. ಶುಕ್ರನಿಗೂ ಕುಜನಿಗೂ ನಡುವಿನ ಸಂಪರ್ಕವನ್ನು ಡಿಗ್ರಿ ಲೆಕ್ಕದಲ್ಲಿ ಎಣಿಸಲು ನಮ್ಮವರು ಇಷ್ಟು ಕಷ್ಟಪಡುತ್ತಾರೆ. ಕೈಯಲ್ಲಿರುವ ಫೋನಿನಲ್ಲಿ ಅವಳ ನಂಬರ್ ಇದ್ದೇ ಇರುತ್ತದೆ.